ಹಾಜರಿ ಹೆಸರು

ನಾಲ್ಕಕ್ಕೆ ಸೊನ್ನೆ. ಮೂವತ್ತಾರು ವರ್ಷ ಊರ ಮಕ್ಕಳಿಗೆಲ್ಲ ಮಾರ್ಕ್ಸ್ ಹಾಕಿದ ಸಿದ್ದರಾಮಪ್ಪ ಮಾಸ್ತರರಿಗೆ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ನಾಟಿಂಗ್‌ಹ್ಯಾಮಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ, ಮೊಮ್ಮಕ್ಕಳ ಹೆಸರು ಹೇಳುವ ಪರೀಕ್ಷೆಯಲ್ಲಿ ಬಿದ್ದ ಮಾರ್ಕ್ಸ್ ಅದು. ಸೊಸೆ ಅರ್ಪಿತಾ ಆ ಹಾಳೆಯನ್ನು ನಿಂತಲ್ಲೇ, ಕೋಟು ಕೂಡ ಬಿಚ್ಚದೆ ಓದಿದಳು. ಬೀಸ್ಟನ್ನಿನ ತನ್ನ ಕ್ಲಿನಿಕ್ಕಿನಲ್ಲಿ ಬೆಳಗಿನಿಂದ ಮೂವತ್ತೆರಡು ಪೇಷಂಟುಗಳನ್ನು ನೋಡಿ, ಬಸ್ಸು ತಪ್ಪಿಸಿಕೊಂಡು, ಇನ್ನೊಂದು ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಕಾಲು ಸೋತು ಹೋಗಿತ್ತು. ಕೂರಲು ಕುರ್ಚಿಯೇನೋ ಪಕ್ಕದಲ್ಲೇ ಇತ್ತು, ಕೂತರೆ ಮತ್ತೆ ಏಳಲಾರೆ ಎಂದು ಕೂರಲಿಲ್ಲ.

ಹಾಳೆ ಕೊಟ್ಟವಳು ಮೊರೀನ್ ಎಂಬ ಥೆರಪಿಸ್ಟ್. ಕೆಟ್ಟ ಹೆಂಗಸೇನಲ್ಲ. ಸಣ್ಣದೊಂದು ಪಾರ್ಶ್ವವಾಯು ಬಡಿದು, ಎಡಗೈ ತುಸು ಸೋತು ಬಂದ ಮುದುಕರನ್ನು ಹತ್ತು ದಿನದಿಂದ ಎಬ್ಬಿಸಿ ನಡೆಸುತ್ತಿದ್ದವಳು ಆಕೆಯೇ. ಆದರೆ ಆ ವಾರ್ಡಿನಲ್ಲಿ ಅವರದೇ ಒಂದು ಪ್ರಶ್ನೆಪಟ್ಟಿ ಇತ್ತು. ಮೂವತ್ತು ಮಾರ್ಕ್ಸಿನದು. ಇಪ್ಪತ್ತನಾಲ್ಕಾದರೂ ಬಂದವರು ಮನೆಗೆ, ಹಗಲು ಹೊತ್ತು ಒಬ್ಬರೇ ಇದ್ದರೂ ಚಿಂತೆಯಿಲ್ಲ. ಕಡಿಮೆ ಬಂದವರಿಗೆ ಮನೆಯಲ್ಲಿ ಇಡೀ ದಿನ ಯಾರಾದರೂ ಇರಬೇಕು, ಇಲ್ಲವಾದರೆ ನರ್ಸಿಂಗ್ ಹೋಮು. ಮಾವನವರಿಗೆ ಇಪ್ಪತ್ತೆರಡು ಬಂದಿತ್ತು. ಇಸವಿ ಸರಿ, ತಿಂಗಳು ಸರಿ, ವಾರ್ಡಿನ ನಂಬರು ಸರಿ, ನೂರರಿಂದ ಏಳೇಳು ಕಳೆಯುತ್ತ ಹೋಗುವುದಂತೂ ಮೊರೀನಳಿಗಿಂತ ಮುಂಚೆ ಮುಗಿಸಿದ್ದರು. ಬಿದ್ದದ್ದು ಮೊಮ್ಮಕ್ಕಳ ಹೆಸರಿನಲ್ಲಿ.

"ಆಕಿ ಮೊಮ್ಮಕ್ಕಳ ಹೆಸರು ಕೇಳಿದಾಗ ಏನ್ ಹೇಳಿದ್ರಿ ಮಾವಾರ?" ಎಂದು ಅರ್ಪಿತಾ ಕೇಳಿದಳು.

"ಇದ್ದದ್ದ ಹೇಳೀನಿ. ಸಾವಕಾರ, ಗಿರಣಿ, ಚಿಗಳಿ, ದೊಡ್ಡವ್ವ."

"ಆಕಿ ಕೇಳಿದ್ದು ಹಾಜರಿ ಹೆಸರು."

"ಹಂಗಂತ ಹೇಳಬೇಕಿತ್ತಲ್ಲ. ನಿನ್ನ ಮೊಮ್ಮಕ್ಕಳ ಹೆಸರೇನು ಅಂದ್ಲು. ನನ್ನ ಮೊಮ್ಮಕ್ಕಳ ಹೆಸರು ನಾ ಹೇಳಿದೆ."

ಅರ್ಪಿತಾಳಿಗೆ ನಗು ಬಂತು, ಜತೆಗೇ ಅಳುವೂ ಬರುವ ಹಾಗಿತ್ತು. ಹದಿನಾರು ವರ್ಷ ಈ ಮನೆಯ ಸೊಸೆಯಾಗಿರುವವಳಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಮೊರೀನಳಿಗೆ ಹೇಗೆ ಹೇಳುವುದು ಎಂಬುದೇ ತಲೆಬಿಸಿ.

ಮಾಸ್ತರರ ಲೆಕ್ಕವೇ ಬೇರೆ. ಗದಗಿನ ಹತ್ತಿರದ ಸಾಲೆಯಲ್ಲಿ ದಿನಾ ಬೆಳಗ್ಗೆ ಹಾಜರಿ ಪುಸ್ತಕ ಬಿಚ್ಚಿ, ತಂದೆಯ ಹೆಸರು, ಮನೆತನದ ಹೆಸರು ಸಮೇತ ಅರವತ್ತು ಎಪ್ಪತ್ತು ಹೆಸರು ಕೂಗಿ ಕೂಗಿ ಅವರಿಗೆ ಅಂಥ ಹೆಸರುಗಳ ಮೇಲೆ ಬೇಸರ ಹತ್ತಿತ್ತು. ಹಾಜರಿ ಹೆಸರು ಸರಕಾರದ್ದು, ಮನೆಯ ಹೊಸ್ತಿಲ ಹೊರಗೇ ಇರಲಿ ಎನ್ನುತ್ತಿದ್ದರು. ಸ್ವಂತ ಮಕ್ಕಳಿಗೆ ಅಡ್ಡಹೆಸರಿಡಲು ಅವರಿಗೆ ಪುರಸೊತ್ತು ಸಿಗಲಿಲ್ಲ. ಆ ಬಾಕಿಯನ್ನೆಲ್ಲ ಮೊಮ್ಮಕ್ಕಳ ಮೇಲೆ ತೀರಿಸಿಕೊಂಡರು.

ಹಾಗಂತ ಬಾಯಿಗೆ ಬಂದದ್ದನ್ನು ಇಡುವವರಲ್ಲ. ಮೊದಲು ಕೂಸನ್ನು ನೋಡಬೇಕು. ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ವಾರಗಟ್ಟಲೆ ಕೂತು ನೋಡುವರು. ಅರ್ಪಿತಾಳ ಹಿರಿಯ ಮಗ ಅಭಯ್ ಹುಟ್ಟಿದಾಗ ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ನಾಮಕರಣದ ದಿನ ಎಲ್ಲರೂ ಕೂಸಿನ ಕಿವಿಯಲ್ಲಿ ಅಭಯ್, ಅಭಯ್ ಎಂದರೆ ಮುದುಕರು ಸುಮ್ಮನೆ ಕೂತಿದ್ದರು. ಮೂರನೆಯ ತಿಂಗಳು ಒಂದು ದಿನ, ನಿದ್ದೆಯಲ್ಲೂ ಮುಷ್ಟಿ ಬಿಚ್ಚದ ಆ ಕೂಸನ್ನು ನೋಡಿ, "ಇವ ಏನೂ ಬಿಟ್ಟುಕೊಡಾಂವಲ್ಲ, ಸಾವಕಾರ ಇದ್ದಾನ" ಎಂದರು. ಮುಗಿಯಿತು. ಹದಿನಾಲ್ಕು ವರ್ಷದ, ಮೀಸೆ ಚಿಗುರಿದ ಹುಡುಗ ಇವತ್ತಿಗೂ ಸಾವಕಾರ.

ಲೀಡ್ಸಿನಲ್ಲಿರುವ ಮಗಳು ಶುಭಾಳಿಗೆ ಯಶಸ್ ಹುಟ್ಟಿದಾಗ ಬರಲಾಗಲಿಲ್ಲ. ಫೋನಿನಲ್ಲಿ ಮಗಳು ಹೆಸರಿಡು ಅಪ್ಪಾ ಎಂದು ಎಷ್ಟು ಗೋಗರೆದರೂ, "ನೋಡದ ಹೆಂಗ ಇಡಲಿ" ಎಂದುಬಿಟ್ಟರು. ಎರಡು ವರ್ಷ ಆ ಹುಡುಗನಿಗೆ ಅಜ್ಜನ ಬಾಯಲ್ಲಿ ಹೆಸರೇ ಇರಲಿಲ್ಲ, "ನಿನ್ನ ಮಗ ಹೆಂಗಿದ್ದಾನ" ಎಂದಷ್ಟೇ ಕೇಳುತ್ತಿದ್ದರು. ಆಮೇಲೆ ಬಂದು ನೋಡಿದರೆ ಹುಡುಗನ ದವಡೆ ಒಂದು ಗಳಿಗೆ ನಿಂತದ್ದಿಲ್ಲ, ಬಿಸ್ಕೀಟು ಮುಗಿದರೆ ಅಂಗಿಯ ಕಾಲರು. ಗಿರಣಿ ಎಂದು ಹೆಸರಾಯಿತು. ಅವನ ತಂಗಿ ತನ್ವಿ ಹುಣಸೆಹಣ್ಣಿನ ಉಂಡೆ ನೆಕ್ಕಿದವರ ಹಾಗೆ ಮುಖ ಕಿವುಚಿಕೊಂಡೇ ಹುಟ್ಟಿದ್ದಳು. ಆ ಉಂಡೆಯ ಹೆಸರೇ ಅವಳಿಗಾಯಿತು, ಚಿಗಳಿ.

ಕೊನೆಯವಳು ಅರ್ಪಿತಾಳ ಮಗಳು ಶರ್ವಾಣಿ. ನಲವತ್ತು ದಿನದ ಕೂಸಿರುವಾಗ ಯಾರಾದರೂ ಮಾತಾಡಿದರೆ ಹುಬ್ಬು ಗಂಟಿಕ್ಕಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದಳು. "ಬೀಗರ ಜಗಳಾ ಬಗೀಹರಸಾಕ ಬಂದಂಗದ. ದೊಡ್ಡವ್ವ ಈಕಿ" ಎಂದರು ಅಜ್ಜ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವಳು ಎಲ್ಲರಿಗಿಂತ ದೊಡ್ಡ ಹೆಸರು ಹೊತ್ತುಕೊಂಡು ಬೆಳೆದಳು. ಸಿಟ್ಟು ಬರಿಸಬೇಕಾದರೆ "ದೊಡ್ಡವ್ವಾರ" ಎಂದು ಬಹುವಚನ. ಜ್ವರ ಬಂದು ಮಲಗಿದರೆ ಬರೇ "ದೊಡ್ಡೂ".

ಈ ಹೆಸರುಗಳಿಗೆ ಕಟ್ಟುಕಟ್ಟಳೆ ಇತ್ತು. ಕರೆಯುವ ಹಕ್ಕು ಅಜ್ಜನೊಬ್ಬನದು. ಅಣ್ಣ ತಂಗಿಯನ್ನು ದೊಡ್ಡವ್ವ ಎಂದರೆ ಅವಳು ಕಚ್ಚುತ್ತಿದ್ದಳು, ಅಜ್ಜ ಅವಳ ಕಡೆಯೇ ನಿಲ್ಲುತ್ತಿದ್ದರು. ಮಕ್ಕಳು ತಕರಾರು ಮಾಡಬಹುದಿತ್ತು. ಗಿರಣಿಗೆ ಹತ್ತು ತುಂಬಿದಾಗ ಲೀಡ್ಸಿನ ತನ್ನ ಗೆಳೆಯರ ಮುಂದೆ ಹಾಗೆ ಕರೆಯಬಾರದು ಎಂದು ಅತ್ತ. ಅಜ್ಜ ಯೋಚಿಸಿ ಒಪ್ಪಿದರು. ಗೆಳೆಯರ ಮುಂದೆ "ಏ ತಮ್ಮಾ", ಮನೆಯೊಳಗೆ ಗಿರಣಿ. ಆದರೆ ಯಶಸ್ ಎಂದು ಮಾತ್ರ ಕರೆಯುತ್ತಿರಲಿಲ್ಲ. ಹಾಜರಿ ಹೆಸರು ಆ ಮನೆಯಲ್ಲಿ ಬೈಗುಳ. ಅದಕ್ಕಿಂತ ದೊಡ್ಡ ಶಿಕ್ಷೆ ಅವರ ಕೈಯಲ್ಲಿರಲಿಲ್ಲ. ಹೋದ ವರ್ಷ ಶರ್ವಾಣಿ ಕೈ ಬಿಡಿಸಿಕೊಂಡು ರಸ್ತೆಗೆ ಓಡಿ, ಬಸ್ಸಿನ ಮುಂದೆ ಸ್ವಲ್ಪದರಲ್ಲಿ ಉಳಿದಿದ್ದಳು. ಮನೆಗೆ ಬಂದ ಮೇಲೆ ಅಜ್ಜ ಬಡಿಯಲಿಲ್ಲ, ಬಯ್ಯಲಿಲ್ಲ. "ಶರ್ವಾಣಿ, ಒಳಗ ಹೋಗು" ಎಂದರು, ಅಷ್ಟೆ. ಹುಡುಗಿ ಊಟದ ಹೊತ್ತಿನ ತನಕ ಬಿಕ್ಕಿ ಬಿಕ್ಕಿ ಅತ್ತಳು. ತಟ್ಟೆಗೆ ರೊಟ್ಟಿ ಹಾಕುವಾಗ "ದೊಡ್ಡವ್ವಗ ಬೆಣ್ಣಿ ಕೊಡ್ರಿ" ಎಂದ ಮೇಲೆಯೇ ಆಕೆಗೆ ಜೀವ ಬಂದದ್ದು.

ಇಷ್ಟನ್ನೂ ಅರ್ಪಿತಾ ಮೊರೀನಳಿಗೆ ಹೇಳಿದಳು, ಇಂಗ್ಲಿಷಿನಲ್ಲಿ. ಹೇಳುತ್ತ ಹೇಳುತ್ತ ತನಗೇ ಅದು ಕಟ್ಟುಕತೆಯಂತೆ ಕೇಳಿಸಿತು. ಆ ಹೆಂಗಸು ಪುಣ್ಯಕ್ಕೆ ತಾಳ್ಮೆಯಿಂದ ಕೇಳಿ, "ಹಾಗಾದರೆ ನಿನ್ನೆ ಅವರು ದೊಡ್ಡವ್ವ ಬಾಳೆಹಣ್ಣು ತಂದುಕೊಟ್ಟಳು ಎಂದರಲ್ಲ, ಅದು ಯಾರು?" ಎಂದು ಕೇಳಿದಳು.

"ನನ್ನ ಮಗಳು. ಒಂಬತ್ತು ವರ್ಷ."

"ಅಯ್ಯೋ, ನಾವು ವಿಸಿಟರ್ಸ್ ಪುಸ್ತಕದಲ್ಲೆಲ್ಲ ಹುಡುಕಿದೆವು" ಎಂದು ಆಕೆ ನಕ್ಕಳು. ಒಂದು ಕಾಗದ ಕೊಟ್ಟು, ಎರಡೂ ಹೆಸರು ಅಕ್ಕಪಕ್ಕ ಬರೆದುಕೊಡು ಎಂದಳು. ಬುಧವಾರ ಮತ್ತೊಮ್ಮೆ ಕೇಳುತ್ತೇನೆ, ಯಾವ ಹೆಸರು ಹೇಳಿದರೂ ಮಾರ್ಕ್ಸ್ ಕೊಡುತ್ತೇನೆ ಎಂದಳು. ಅರ್ಪಿತಾ ಅಭಯ್ ಎದುರಿಗೆ ಸಾವಕಾರ, ಯಶಸ್ ಎದುರಿಗೆ ಗಿರಣಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಳು. ಮನೆಗೆ ಬಂದು ಅನ್ನ ಮೊಸರು ಕಲಸಿಕೊಂಡು ನಿಂತೇ ತಿಂದಳು.

ಮನಸ್ಸಿನಲ್ಲಿ ಒಂದು ಕೆಟ್ಟ ಯೋಚನೆ ಬಂದದ್ದು ಆಗಲೇ. ಸೊನ್ನೆ ಸೊನ್ನೆಯಾಗಿಯೇ ಇದ್ದಿದ್ದರೆ? ಯಾರನ್ನೂ ದೂರುವಂತಿಲ್ಲದೆ, ಪಟ್ಟಿಯೇ ಹೇಳಿತು ಎಂದು ಮುದುಕರನ್ನು ಬೇರೆ ಕಡೆ ಇಡಬಹುದಿತ್ತು. ಬೆಳಗ್ಗೆ ಒಂದು ಡಬ್ಬಿ ಕಡಿಮೆ, ಒಂದು ಜತೆ ಬಟ್ಟೆ ಕಡಿಮೆ. ತನಗೇ ನಾಚಿಕೆಯಾಗಿ ತಟ್ಟೆ ತೊಳೆದಿಟ್ಟಳು. ಅತ್ತೆ ನೀಲಮ್ಮ ತೀರಿಕೊಂಡ ಮೇಲೆ ನಾಲ್ಕು ವರ್ಷದಿಂದ ಮಾವನವರು ಇಲ್ಲಿದ್ದಾರೆ. ಮೂರೂವರೆಗೆ ಶರ್ವಾಣಿಯ ಸಾಲೆಯ ಗೇಟಿಗೆ ಹೋಗಿ, ಎರಡು ಬೀದಿ ದಾಟಿ ಕೈ ಹಿಡಿದು ಕರೆದುಕೊಂಡು ಬರುವವರು ಅವರು. ಅವರಿಂದಲೇ ತಾನು ಆರು ಗಂಟೆಯವರೆಗೆ ಪೇಷಂಟು ನೋಡಲು ಆಗುವುದು. ಅವರು ಮನೆಗೆ ಬರಬೇಕು. ಬಂದೇ ಬರಬೇಕು.

ಗಂಡ ಮೃತ್ಯುಂಜಯ ಸಾಲ್ಫರ್ಡಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆಯ ಡಾಕ್ಟರು. ವಾರವೆಲ್ಲ ಅಲ್ಲೇ ಒಂದು ರೂಮಿನಲ್ಲಿದ್ದು, ಡ್ಯೂಟಿ ಪಾಳಿ ಇಲ್ಲದಿದ್ದರೆ ಶುಕ್ರವಾರ ಬರುತ್ತಿದ್ದ. ಸೊನ್ನೆಯ ಸುದ್ದಿ ಕೇಳಿ ಅವನಿಗೆ ಅವಮಾನವಾಯಿತು. ಶನಿವಾರ ಬೆಳಗ್ಗೆ ಮೊಮ್ಮಕ್ಕಳ ನಾಲ್ಕು ಫೋಟೋ ತೆಗೆದು, ಕೆಳಗೆ ದೊಡ್ಡ ಕನ್ನಡ ಅಕ್ಷರದಲ್ಲಿ ಹೆಸರು ಬರೆದು, ಪ್ಲಾಸ್ಟಿಕ್ ಹೊದಿಸಿದ. ಬರೆದದ್ದು ಹಾಜರಿ ಹೆಸರು.

"ಯಾವ ಹೆಸರು ಹೇಳಿದ್ರೂ ನಡೀತದ ಅಂದಾಳ ಆಕಿ. ಇದೆಲ್ಲಾ ಯಾಕ?" ಎಂದಳು ಅರ್ಪಿತಾ.

"ಆ ದಿನ ಆಕಿ ರಜಾ ಹಾಕಿದ್ರ? ಬ್ಯಾರೆ ಯಾರೋ ಬಂದು ಕೇಳಿದ್ರ? ಎರಡೂ ಗೊತ್ತಿರಲಿ."

ಪರೀಕ್ಷೆ ಎಂದರೆ ಈ ಮನೆತನದವರಿಗೆ ಮೈಮೇಲೆ ಬರುತ್ತದೆ. ಅದನ್ನು ಗಂಡನಿಗೆ ಹತ್ತಿಸಿದವರೂ ಮಾಸ್ತರರೇ. ವಾದಿಸಲು ಅರ್ಪಿತಾಳಲ್ಲಿ ತ್ರಾಣವಿರಲಿಲ್ಲ, ಒಗೆಯುವ ಬಟ್ಟೆ ಎರಡು ಬುಟ್ಟಿ ಇತ್ತು. ಶನಿವಾರ, ಭಾನುವಾರ ಎರಡೂ ದಿನ ಮೃತ್ಯುಂಜಯ ಅಪ್ಪನ ಹಾಸಿಗೆಯ ಪಕ್ಕ ಕೂತು ಪಾಠ ಹೇಳಿಸಿದ. ಶನಿವಾರ ಮುದುಕರು, "ನನಗ ಗೊತ್ತಿಲ್ಲದ್ದನ್ನ ಕಲಿಸಾಕತ್ತೀಯೇನು" ಎಂದು ಮಗನನ್ನು ಗೇಲಿ ಮಾಡಿದರು. ಭಾನುವಾರ ಗೇಲಿ ಮಾಡಲಿಲ್ಲ. ಹೇಳಿದಂತೆ ಹೇಳಿದರು. ಅಪ್ಪ ಕಡೆಗೂ ಹಟ ಬಿಟ್ಟರು ಎಂದು ಮೃತ್ಯುಂಜಯ ಖುಷಿಪಟ್ಟ.

ಸೋಮವಾರ ಮಧ್ಯಾಹ್ನ ಇಬ್ಬರು ಪೇಷಂಟುಗಳ ನಡುವೆ ಅರ್ಪಿತಾ ವಾರ್ಡಿಗೆ ಫೋನ್ ಮಾಡಿದಳು. "ನಿನ್ನೆಯಿಂದ ತುಸು ಮಂಪರು ಜಾಸ್ತಿ, ಬೇರೇನಿಲ್ಲ. ಬಿ.ಪಿ. ಚೆನ್ನಾಗಿದೆ" ಎಂದಳು ನರ್ಸು. ಬೇರೆ ಯಾರಾದರೂ ಪೇಷಂಟಿನ ಮನೆಯವರು ಈ ಮಾತು ಹೇಳಿದ್ದರೆ ಅರ್ಪಿತಾ ಹತ್ತು ಪ್ರಶ್ನೆ ಕೇಳುತ್ತಿದ್ದಳು. ಅವತ್ತು ಒಂದೂ ಕೇಳಲಿಲ್ಲ. ಬಾಗಿಲ ಹೊರಗೆ ಒಂದು ಕೂಸು ಕಿವಿನೋವಿಗೆ ಕಿರುಚುತ್ತಿತ್ತು. ಸರಿ, ಥ್ಯಾಂಕ್ಸ್ ಎಂದು ಫೋನ್ ಇಟ್ಟಳು.

ಬುಧವಾರ ಎರಡು ಗಂಟೆಗೆ ಪರೀಕ್ಷೆ. ಅರ್ಪಿತಾ ಅರ್ಧ ದಿನ ರಜೆ ಹಾಕಿ ಬಂದು ಹಾಸಿಗೆಯ ಕಾಲ ಬಳಿ ಕೂತಳು. ಮಾವನವರು ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ದಿಂಬಿಗೆ ಆತುಕೊಳ್ಳದೆ ನೆಟ್ಟಗೆ ಕೂತಿದ್ದರು. ಸೊಸೆಯನ್ನು ನೋಡಿ ತಲೆ ಆಡಿಸಿದರು. ಇಸವಿ ಹೇಳಿದರು, ತಿಂಗಳು ಹೇಳಿದರು, ಏಳೇಳು ಕಳೆಯುವಾಗ ಒಂದು ಕಡೆ ಎಡವಿ ಮತ್ತೆ ಸರಿ ಮಾಡಿಕೊಂಡರು.

"ಈಗ ನಿಮ್ಮ ಮೊಮ್ಮಕ್ಕಳ ಹೆಸರು ಹೇಳಿ" ಎಂದಳು ಮೊರೀನ್.

ಮಾಸ್ತರರು ಗಂಟಲು ಸರಿಪಡಿಸಿಕೊಂಡರು. "ಅಭಯ್" ಎಂದು ನಿಂತರು. "ಯಶಸ್." ಮತ್ತೆ ನಿಂತರು. "ತನ್ವಿ. ಶರ್ವಾಣಿ." ಒಂದೊಂದು ಹೆಸರಿಗೂ ವಾರ್ಡಿನ ತುದಿಯವರೆಗೆ ಕೇಳುವಷ್ಟು ದನಿ, ಒಂದೊಂದು ಹೆಸರಾದ ಮೇಲೂ ಹಾಜರ್ ಸಾರ್ ಎಂಬುದಕ್ಕೆ ಕಾಯುವಷ್ಟು ಬಿಡುವು.

ಮೊರೀನ್ ನಾಲ್ಕು ಟಿಕ್ ಹಾಕಿದಳು. ಮೂವತ್ತಕ್ಕೆ ಇಪ್ಪತ್ತೈದು. ಶುಕ್ರವಾರ ಮನೆಗೆ ಹೋಗಬಹುದು, ನಾಳೆ ಬೆಳಗ್ಗೆ ಫಾರಮ್ಮಿಗೆ ಸಹಿ ಹಾಕಿಸುತ್ತೇನೆ ಎಂದಳು.

"ಮಾವಾರ, ಮತ್ತ ಮನಿ ಹೆಸರು?" ಎಂದು ಅರ್ಪಿತಾ ಕೇಳಿದಳು.

"ಹೇಳಿದೆನಲ್ಲವಾ" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣು ಕಿಟಕಿಯ ಪಕ್ಕ ಅಂಟಿಸಿದ ಫೋಟೋಗಳ ಮೇಲೆ ಹೋಗಿ ಬಂತು.

ಅರ್ಪಿತಾ ಆ ನೋಟವನ್ನು ಗಮನಿಸಿದಳು. ಆದರೆ ದಣಿದ ಮನುಷ್ಯರಿಗೆ ಸಮಾಧಾನ ಬಲು ಬೇಗ ಸಿಗುತ್ತದೆ. ಮಾಸ್ತರ ಮನುಷ್ಯ, ಪರೀಕ್ಷೆಯಲ್ಲಿ ಪರೀಕ್ಷೆಯ ಉತ್ತರ ಹೇಳಿದರು, ಪರಕೀಯಳ ಮುಂದೆ ಮನೆಯ ಹೆಸರು ಯಾಕೆ ಎಂದುಕೊಂಡಿರಬೇಕು. ಹೀಗೆಂದು ತನಗೆ ತಾನೇ ಹೇಳಿಕೊಂಡು, ಕ್ಯಾಂಟೀನಿಗೆ ಹೋಗಿ ಎರಡು ಕಪ್ ಚಹಾ ಕುಡಿದಳು. ಶುಕ್ರವಾರಕ್ಕೆ ಕೆಳಗಿನ ಕೋಣೆಗೆ ಹಾಸಿಗೆ ಇಳಿಸಬೇಕು, ಬಚ್ಚಲಿಗೆ ಹಿಡಿಕೆ ಹಾಕಿಸಬೇಕು ಎಂದು ಲೆಕ್ಕ ಹಾಕಿದಳು.

ನಾಲ್ಕು ಗಂಟೆಗೆ ಮೃತ್ಯುಂಜಯ ಮಗಳನ್ನು ಸಾಲೆಯಿಂದ ನೇರ ಕರೆದುಕೊಂಡು ಬಂದ. ಫಲಿತಾಂಶಕ್ಕೆಂದು ಅವನೂ ರಜೆ ಹಾಕಿದ್ದ. ಇಪ್ಪತ್ತೈದು ಎಂದು ಕೇಳಿ ಮುಖ ಅರಳಿತು. ಶರ್ವಾಣಿ ಚೀಲ ಕೆಳಗಿಟ್ಟು, ಅಭ್ಯಾಸದಂತೆ ಹಾಸಿಗೆಯ ಕಾಲ ಬಳಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. ಅಜ್ಜ ಮೊದಲು ನೋಡದ ಹಾಗೆ ಮಾಡುವುದು, ಆಮೇಲೆ "ಬಂದ್ರ್ಯಾ ದೊಡ್ಡವ್ವಾರ, ಇವತ್ತ ಯಾರ ಜಗಳಾ ಬಗೀಹರಿಸಿದ್ರಿ" ಎನ್ನುವುದು ಇವರಿಬ್ಬರ ಆಟ.

ಅಜ್ಜ ಅವಳನ್ನು ನೋಡಿದರು. ಗೋಡೆಯ ಫೋಟೋ ನೋಡಿದರು. ಮತ್ತೆ ಅವಳನ್ನು ನೋಡಿದರು.

"ಶರ್ವಾಣಿ" ಎಂದರು. ಓದಿದ ಹಾಗೆ. "ಬಾರವಾ, ಕೂಡು. ಯಾವ ಇಯತ್ತೆ ನೀನು?"

ಹುಡುಗಿಯ ಕೈ ಸೊಂಟದಿಂದ ಜಾರಿತು. ಅವಳು ಅಮ್ಮನ ಹತ್ತಿರ ಬಂದು, ಕೋಟಿನ ತೋಳು ಹಿಡಿದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. "ಮಮ್ಮಿ, ನಾನೇನು ತಪ್ಪು ಮಾಡಿದೆ?"

ಡಾಕ್ಟರಿಕೆ ಓದಿದ ಇಬ್ಬರು ಆ ಹಾಸಿಗೆಯ ಪಕ್ಕ ನಿಂತಿದ್ದರು, ಮೊದಲು ಗೊತ್ತಾದದ್ದು ಒಂಬತ್ತು ವರ್ಷದ ಕೂಸಿಗೆ. ಅದಕ್ಕೂ ತಪ್ಪಾಗಿ ಗೊತ್ತಾಗಿತ್ತು. ಹುಡುಗಿ ಒಂದು ನಿಮಿಷ ಯೋಚಿಸಿ ಮತ್ತೆ ಹಾಸಿಗೆಯ ಬಳಿ ಹೋದಳು.

"ಸಾರಿ, ಅಜ್ಜಾ."

"ಯಾಕವಾ? ನೀ ಏನ್ ಮಾಡೀದಿ?" ಎಂದರು ಮುದುಕರು, ಬಹಳ ಮೃದುವಾಗಿ. ಹೆದರಿದ ಮಗುವನ್ನು ನೋಡಿ ಅವರ ಹಳೆಯ ಮಾಸ್ತರಿಕೆ ಎಚ್ಚರವಾಗಿತ್ತು. ಹೊಸದಾಗಿ ಸಾಲೆಗೆ ಸೇರಿದ ಮಕ್ಕಳನ್ನು ಮಾತಾಡಿಸುವ ಹಾಗೆ ಮುಂದೆ ಬಾಗಿ ಕೇಳಿದರು. "ಅಂಜಬ್ಯಾಡ. ಮನ್ಯಾಗ ನಿನಗ ಏನಂತ ಕರೀತಾರ?"

ಶರ್ವಾಣಿ ತಲೆ ತಗ್ಗಿಸಿದಳು. ಆ ಹೆಸರನ್ನು ಅವಳು ತನ್ನ ಬಾಯಿಂದ ಯಾವತ್ತೂ ಹೇಳಿದವಳಲ್ಲ.

"ದೊಡ್ಡವ್ವ."

ಅಜ್ಜ ಹೊಟ್ಟೆ ಕುಣಿಯುವಂತೆ ನಕ್ಕರು. "ಇಷ್ಟು ಸಣ್ಣಾಕಿಗೆ ದೊಡ್ಡವ್ವ ಅಂತಾರ? ಯಾರಿಟ್ರು?"

"ನಮ್ಮಜ್ಜ."

"ಚಲೋ ಇಟ್ಟಾನ ನಿಮ್ಮಜ್ಜ. ನಿನ್ನ ಮಾರಿ ನೋಡೇ ಇಟ್ಟಾನ" ಎಂದು ಸರಿಯಾದ ಬಲಗೈಯಿಂದ ಅವಳ ತಲೆ ಸವರಿದರು. ಬಾಳೆಹಣ್ಣು ಕೊಟ್ಟರು. ಹುಡುಗಿ ಹಣ್ಣು ಸುಲಿಯದೆ ಕೈಯಲ್ಲಿ ಹಿಡಿದುಕೊಂಡು ಕೂತಳು. "ಇಯರ್ ಫೋರ್" ಎಂದು ತಡವಾಗಿ ಉತ್ತರ ಕೊಟ್ಟಳು.

ಮೃತ್ಯುಂಜಯ ಹೊರಗೆ ಕಾರಿಡಾರಿಗೆ ಹೋಗಿ ಗೋಡೆಗೆ ಆತು ನಿಂತಿದ್ದ. ಅರ್ಪಿತಾ ಹಿಂದೆಯೇ ಬಂದಳು.

"ಭಾನುವಾರನ ಆಗೇದ ಇದು, ಇನ್ನೊಂದು ಸಣ್ಣ ಸ್ಟ್ರೋಕ್" ಎಂದ ಅವನು. "ನನ್ನ ಎದುರಿಗೆ. ನಾ ಹೇಳಿಕೊಟ್ಟಂಗ ಹೇಳಾಕತ್ತಿದ್ರು. ನಾ ಖುಷಿಯಾದೆ."

"ಸೋಮವಾರ ಮಂಪರು ಅಂತ ನನಗೂ ಹೇಳಿದ್ರು. ನಾನೂ ಕೇಳಲಿಲ್ಲ."

ಊಟದ ಗಾಡಿಯೊಂದು ಗಡಗಡ ಎಂದು ದಾಟಿ ಹೋಯಿತು.

"ಮಾರ್ಕ್ಸ್ ಬಂದಾವಲ್ಲ" ಎಂದ ಮೃತ್ಯುಂಜಯ, ನೆಲ ನೋಡುತ್ತ. "ಮನಿಗಂತೂ ಬರತಾರ. ಸುಮ್ಮನ ಇದ್ದು ಕರಕೊಂಡು ಹೋಗೋಣು."

ಅರ್ಪಿತಾಳಿಗೂ ಅದೇ ಆಸೆಯಾಯಿತು. ಸುಮ್ಮನಿದ್ದರೆ ಸಾಕು, ಎಲ್ಲ ಇದ್ದಂತೆಯೇ ನಡೆಯುತ್ತದೆ. ಯಾರನ್ನೂ ಬೇಡಬೇಕಿಲ್ಲ, ಯಾರ ಕೆಲಸವೂ ಬಿಡಬೇಕಿಲ್ಲ.

"ಕರಕೊಂಡು ಹೋದ್ರ ಸೋಮವಾರದಿಂದ ಒಬ್ಬರ ಇರತಾರ" ಎಂದಳು. "ಮೂರೂವರೆಗೆ ಕೋಟು ಹಾಕ್ಕೊಂಡು ಸಾಲಿ ಗೇಟಿಗೆ ಹೋಗಿ ನಿಲ್ಲತಾರ. ಅಲ್ಲಿ ಅದೇ ನೀಲಿ ಸ್ವೆಟರಿನ ಹುಡುಗ್ಯಾರು ನಲವತ್ತು ಮಂದಿ ಹೊರಗ ಬರತಾರ. ಗೋಡಿ ಮ್ಯಾಲೆ ಫೋಟೋ ಇರೂದಿಲ್ಲ ಅಲ್ಲಿ. ಆಕಿ ಏನು, ಅಜ್ಜನ ಕೈ ತಾನ ಹಿಡಕೋತಾಳ. ಆಮ್ಯಾಲೆ ಆ ರಸ್ತೆ ಯಾರು ಯಾರನ್ನ ದಾಟಸಬೇಕು?"

ಅವನು ಮುಖ ಮುಚ್ಚಿಕೊಂಡ. "ಹಂಗಾರ ನರ್ಸಿಂಗ್ ಹೋಮ್?"

"ನಾ ಹಂಗಂದಿಲ್ಲ. ಮನಿಗೇ ಬರತಾರ. ಹಗಲೊತ್ತು ಒಬ್ಬರು ಮನ್ಯಾಗ ಇರಬೇಕು." ಉಸಿರು ತೆಗೆದುಕೊಂಡಳು. "ಆ ಒಬ್ಬರು ಈ ಸಲ ನಾನಲ್ಲ. ಅಭಯ್ ಹುಟ್ಟಿದಾಗ ನಾ ಕೆಲಸ ಬಿಟ್ಟೆ, ಶರ್ವಾಣಿ ಹುಟ್ಟಿದಾಗ ನಾ ಬಿಟ್ಟೆ. ನನಗ ಸಾಕಾಗೇದ."

ಜಗಳದ ಮಾತಾಗಿರಲಿಲ್ಲ ಅದು. ಜಗಳಕ್ಕೆ ಬೇಕಾದ ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಮೃತ್ಯುಂಜಯ ಮುಖದಿಂದ ಕೈ ತೆಗೆದು, "ಬ್ಯಾಸಿಗಿ ತನಕ ರಜಾ ಕೇಳತೀನಿ. ಕೊಡಲಿಲ್ಲಂದ್ರ ಬಿಡತೀನಿ" ಎಂದ. ಹೇಳಿದ ಮೇಲೆ ತನ್ನ ಮಾತು ತಾನೇ ಕೇಳಿಸಿಕೊಂಡವನಂತೆ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ.

ಮೊರೀನ್ ತನ್ನ ಮೇಜಿನಲ್ಲಿ ಮನೆಗೆ ಹೊರಡುವ ತಯಾರಿಯಲ್ಲಿದ್ದಳು. ಅರ್ಪಿತಾ ಹೋಗಿ ಎದುರಿಗೆ ನಿಂತಳು. ಡಾಕ್ಟರನ್ನು ಕರೆಸಬೇಕು, ಮತ್ತೊಮ್ಮೆ ಸ್ಕ್ಯಾನ್ ಆಗಬೇಕು, ಭಾನುವಾರ ಮತ್ತೇನೋ ಆಗಿದೆ ಎಂದಳು. ಆಮೇಲೆ, ಆ ಹಾಳೆ ಕೊಡಿ, ನಾಲ್ಕು ಮಾರ್ಕ್ಸ್ ತೆಗೆಯಬೇಕು ಎಂದಳು.

ಮೊರೀನ್ ಹಾಳೆ ತೆಗೆದು ನೋಡಿದಳು. ಅರ್ಪಿತಾಳನ್ನು ನೋಡಿದಳು. ಸೊನ್ನೆ ತೆಗೆಸಲು ಹೋದ ವಾರ ಒಂದು ತಾಸು ನಿಂತು ವಾದಿಸಿದ್ದ ಹೆಂಗಸು ಇವಳೇ.

"ಆದರೆ ನಾಲ್ಕು ಹೆಸರೂ ಸರಿಯಾಗಿ ಹೇಳಿದರಲ್ಲ" ಎಂದಳು.

"ಅದಕ್ಕೇ" ಎಂದಳು ಅರ್ಪಿತಾ.